ಅಂಗಡಿಯ ಒಂದು ವರ್ಷವನ್ನು ಬಣ್ಣದಲ್ಲಿ ಓದುವ ಬಗೆ

ಹೂವು, ವೀಳ್ಯದೆಲೆ, ಪೂಜಾ ಸಾಮಗ್ರಿಗಳನ್ನು ಮಾರುವ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಹಬ್ಬಕ್ಕೆಂದು ತರಿಸಿದ ಹೂವು ಹೆಚ್ಚಾದರೆ ಬಾಡಿ ಹೋಗುತ್ತದೆ. ಕಡಮೆಯಾದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ಆದುದರಿಂದ ಯಾವ ದಿನ ಎಷ್ಟು ಜನ ಬರುವರೆಂಬುದು ಈ ವರ್ತಕನಿಗೆ ನಷ್ಟ ಲಾಭಗಳ ಪ್ರಶ್ನೆ. ಬಾಗಿಲಲ್ಲಿರುವ ಎಣಿಕೆಯ ಯಂತ್ರವು ಪ್ರತಿದಿನವೂ ಒಂದು ಅಂಕಿಯನ್ನು ಕೊಡುತ್ತದೆ. ಆದರೆ ಒಂದರ ಕೆಳಗೊಂದು ಬರೆದ 366 ಅಂಕಿಗಳನ್ನು ನೋಡಿ ಏನನ್ನು ತಿಳಿಯಬಹುದು?

ಅವನ್ನು ಒಂದು ಚೌಕುಳಿ ಹಾಳೆಯ ಮೇಲೆ ಹರಡೋಣ. ಸೋಮವಾರದಿಂದ ಭಾನುವಾರದವರೆಗೆ ಏಳು ಅಡ್ಡಸಾಲುಗಳು, ವಾರಕ್ಕೊಂದರಂತೆ ಕಂಬಸಾಲುಗಳು. 2024ರ ಜನವರಿ 1 ಸೋಮವಾರವಾದುದರಿಂದ ಆ ವರ್ಷಕ್ಕೆ 53 ಕಂಬಸಾಲುಗಳು ಬೇಕು. ಕೊನೆಯದರಲ್ಲಿ ಎರಡೇ ಮನೆಗಳು ತುಂಬುತ್ತವೆ. ಜನ ಹೆಚ್ಚಿದ್ದ ದಿನದ ಮನೆಗೆ ಗಾಢವರ್ಣ, ಕಡಮೆಯಿದ್ದುದಕ್ಕೆ ತಿಳಿವರ್ಣ. ಇದನ್ನೇ ಕ್ಯಾಲೆಂಡರ್ ಹೀಟ್‌ಮ್ಯಾಪ್ ಎನ್ನುತ್ತಾರೆ. ಅಂಗಡಿ ಮುಚ್ಚಿದ್ದ ದಿನವನ್ನೂ ಯಂತ್ರ ಕೆಟ್ಟಿದ್ದ ದಿನವನ್ನೂ ಸೊನ್ನೆಯೆಂದು ಬಗೆಯಬಾರದು. ಆ ಮನೆಗಳಲ್ಲಿ ಬಣ್ಣ ತುಂಬದೆ ಓರೆಗೆರೆ ಎಳೆಯಬೇಕು.

ಬಣ್ಣ ಹಚ್ಚುವಲ್ಲಿಯೇ ಮೊದಲ ತೊಡಕು. ನಮ್ಮ ಅಂಗಡಿಗೆ ಮಂಗಳವಾರ ಸುಮಾರು 60, ಗುರುವಾರ 140, ಶುಕ್ರವಾರ 160 ಜನ ಬರುವರೆನ್ನೋಣ. ಆಗಸ್ಟ್ 15ರಂದು ಮಾತ್ರ 420 ಜನ ಬಂದಿದ್ದಾರೆ. ಸೊನ್ನೆಯಿಂದ 420ರವರೆಗೆ ಅರವತ್ತರ ಅಂತರದಲ್ಲಿ ಏಳು ಛಾಯೆಗಳನ್ನು ಮಾಡಿದರೆ ಗುರುವಾರ ಶುಕ್ರವಾರಗಳೆರಡೂ ಒಂದೇ ಛಾಯೆಗೆ ಬಿದ್ದು ಅವುಗಳ ಭೇದ ಅಳಿಸಿಹೋಗುತ್ತದೆ. ಅದಕ್ಕೆ ಬದಲಾಗಿ ದಿನಗಳನ್ನು ಏರಿಕೆಯ ಕ್ರಮದಲ್ಲಿಟ್ಟು, ಸುಮಾರು 52 ದಿನಗಳಿಗೆ ಒಂದು ಛಾಯೆಯಂತೆ ಹಂಚುವುದು ಮೇಲು. ಹೀಗೆ ಮಾಡಿದಾಗ ವಾರದ ನಡೆ ಉದ್ದುದ್ದನೆಯ ಪಟ್ಟೆಗಳಾಗಿ ಸ್ಪಷ್ಟವಾಗಿ ಕಾಣುತ್ತದೆ. ಹಬ್ಬದ ದಿನಗಳೆಲ್ಲ ಒಂದೇ ಕಡುಬಣ್ಣವಾಗುವುದರಿಂದ ಆ ಮನೆಗಳಲ್ಲಿ ಅಂಕಿಯನ್ನೂ ಬರೆದಿಡಬೇಕು.

ಪಟ್ಟೆಯನ್ನು ಮುರಿಯುವ ಚುಕ್ಕೆಗಳೇ ಹಬ್ಬಗಳು. ಇವುಗಳಲ್ಲಿ ವರಮಹಾಲಕ್ಷ್ಮೀ ವ್ರತವು ವಿಚಿತ್ರವಾದುದು. ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಇದರ ಆಚರಣೆ. ಆದುದರಿಂದ ಚಾಂದ್ರಮಾನದಂತೆ ದಿನಾಂಕ ಸರಿದರೂ ವಾರ ಬದಲಾಗುವುದಿಲ್ಲ: 2023ರಲ್ಲಿ ಆಗಸ್ಟ್ 25, 2024ರಲ್ಲಿ 16, 2025ರಲ್ಲಿ 8. ನಮ್ಮ ಪಟದಲ್ಲಿ ಅದು ಶುಕ್ರವಾರದ ಸಾಲಿನಲ್ಲಿಯೇ 35, 33, 32ನೆಯ ಕಂಬಗಳಿಗೆ ಜಾರುತ್ತದೆ. ಕೊಳ್ಳುವವರು ಮುನ್ನಾದಿನ ಬರುವುದರಿಂದ ನಿಜವಾದ ಜನಸಂದಣಿ ಗುರುವಾರದ ಸಾಲಿನಲ್ಲಿದೆ. ಆದರೆ ಗುರುವಾರ ಮೊದಲೇ ಜನ ಹೆಚ್ಚಿರುವ ವಾರ. ಹಾಗಾದರೆ 420ರಲ್ಲಿ ವಾರದ ಪಾಲೆಷ್ಟು, ಹಬ್ಬದ ಪಾಲೆಷ್ಟು?

ಹಿಂದಿನ ನಾಲ್ಕು, ಮುಂದಿನ ನಾಲ್ಕು ಗುರುವಾರಗಳನ್ನು ತೆಗೆದುಕೊಳ್ಳೋಣ: 132, 138, 141, 150, 136, 144, 310, 134. ಇವುಗಳ ಸರಾಸರಿ ಸುಮಾರು 161. ಈ 310 ಎಲ್ಲಿಂದ ಬಂದಿತು? ಅದು ಸೆಪ್ಟೆಂಬರ್ 5, ಗೌರಿಹಬ್ಬದ ಮುನ್ನಾದಿನ. ಒಂದು ಹಬ್ಬವನ್ನು ಅಳೆಯುವ ಕೋಲಿನೊಳಗೆ ಇನ್ನೊಂದು ಹಬ್ಬ ಸೇರಿಕೊಂಡಿದೆ! ಅಂಕಿಗಳನ್ನು ಏರಿಕೆಯಲ್ಲಿಟ್ಟು ನಡುವಿನ ಬೆಲೆಯನ್ನು, ಎಂದರೆ ಮಧ್ಯಾಂಕವನ್ನು ತೆಗೆದರೆ 138, 141ಗಳ ನಡುವೆ 139.5 ದೊರೆಯುತ್ತದೆ, 140 ಎನ್ನೋಣ. 420 ಅದರ ಮೂರರಷ್ಟು. ಸರಾಸರಿಯನ್ನೇ ನಂಬಿದ್ದರೆ 2.6 ಪಟ್ಟು ಎಂದು ತಿಳಿದು ಮುಂದಿನ ವರ್ಷಕ್ಕೆ ಹೂವನ್ನು ಕಡಮೆ ತರಿಸುತ್ತಿದ್ದೆವು.

ಇಷ್ಟಕ್ಕೆ ಲೆಕ್ಕ ಮುಗಿಯಲಿಲ್ಲ. ಆ ಗುರುವಾರ ಸ್ವಾತಂತ್ರ್ಯ ದಿನವೂ ಆಗಿದ್ದಿತು. ರಜೆಯಿದ್ದುದರಿಂದ ಜನ ಹೆಚ್ಚಿರಬಹುದಲ್ಲವೆ? ಇದನ್ನು ಬೇರ್ಪಡಿಸಲು 2023ರ ಪಟವನ್ನು ಪಕ್ಕದಲ್ಲಿಡಬೇಕು. ಆ ವರ್ಷದ ವ್ರತದ ಮುನ್ನಾದಿನ, ಆಗಸ್ಟ್ 24, ರಜೆಯಲ್ಲ. ಅಂದು 336 ಜನ, ಆ ವರ್ಷದ ಗುರುವಾರದ ಮಧ್ಯಾಂಕ 120 ಎಂದಿಟ್ಟುಕೊಂಡರೆ 2.8 ಪಟ್ಟು. ಅದೇ ವರ್ಷ ಸ್ವಾತಂತ್ರ್ಯ ದಿನ ಮಂಗಳವಾರ ಬಿದ್ದು, ಅಧಿಕ ಶ್ರಾವಣದಲ್ಲಿದ್ದುದರಿಂದ ಹಬ್ಬದ ಸೋಂಕಿಲ್ಲದೆ ಉಳಿದಿತ್ತು. ಅಂದು 66 ಜನ. ಮಂಗಳವಾರದ ವಾಡಿಕೆ 60, ಎಂದರೆ 1.1 ಪಟ್ಟು. 2.8ನ್ನು 1.1ರಿಂದ ಗುಣಿಸಿದರೆ 3.08. 2024ರಲ್ಲಿ ಕಂಡ ಮೂರು ಪಟ್ಟಿಗೆ ಇದು ಬಹಳ ಹತ್ತಿರ.

ಹತ್ತಿರವೆಂದ ಮಾತ್ರಕ್ಕೆ ಸಿದ್ಧವಾಯಿತೆನ್ನಲಾಗದು. ಆರು ಜನರ ಹೆಚ್ಚಳ ಸಾಮಾನ್ಯ ಮಂಗಳವಾರಗಳ ಏರಿಳಿತದೊಳಗೇ ಇರಬಹುದು. ಪಟದ ಮಂಗಳವಾರದ ಸಾಲನ್ನು ನೋಡಿ, 55ರಿಂದ 68ರವರೆಗೆ ಓಲಾಡುತ್ತಿದ್ದರೆ ರಜೆಗೆ ಪ್ರತ್ಯೇಕ ಪಾಲು ಕೊಡುವಂತಿಲ್ಲ. 2025ರ ಆಗಸ್ಟ್ 7ರ ಗುರುವಾರವೂ ರಜೆಯಲ್ಲ. ಆ ಮನೆಯ ಅಂಕಿ ಆ ವರ್ಷದ ವಾಡಿಕೆಯ 2.8 ಪಟ್ಟಿನ ಸುತ್ತಮುತ್ತ ನಿಂತರೆ ಹಬ್ಬದ ಅಳತೆಯನ್ನು ಇನ್ನಷ್ಟು ಧೈರ್ಯದಿಂದ ಬಳಸಬಹುದು. ಎಣಿಕೆಯ ಯಂತ್ರವು ತಲೆಗಳನ್ನು ಎಣಿಸುತ್ತದೆಯೇ ಹೊರತು ಮಾರಾಟವನ್ನಲ್ಲ. ಹಬ್ಬದ ಮುನ್ನಾದಿನ ಮನೆಮಂದಿಯೆಲ್ಲ ಒಟ್ಟಿಗೆ ಬರುವುದುಂಟು. ನಾಲ್ವರು ಒಳಬಂದು ಒಂದೇ ರಸೀತಿ ಹರಿಯುತ್ತದೆ. ಹೂವಿನ ಮೊಳಗಳನ್ನು ಗೊತ್ತುಮಾಡುವಾಗ ಅದೇ ದಿನಗಳ ರಸೀತಿಗಳಿಗೂ ಇಂತಹದೇ ಇನ್ನೊಂದು ಪಟವನ್ನು ಬರೆದು ಇದರ ಕೆಳಗಿಟ್ಟು ನೋಡಬೇಕಾಗುತ್ತದೆ.