ಸೀಮಂತದ ಹಾಡುಗಳಲ್ಲಿ ಹೆಸರಿನ ನೆಲೆ: ಯಶವಂತಪುರದ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಚೊಚ್ಚಲ ಬಸುರಿಗೆ ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ ನಡೆಸುವ ಮಂಗಳಕಾರ್ಯಕ್ಕೆ ಕನ್ನಡ ನಾಡಿನಲ್ಲಿ ಒಂದೇ ಹೆಸರಿಲ್ಲ. ಹಳೆಯ ಮೈಸೂರು ಭಾಗದಲ್ಲಿ ಅದು ಸೀಮಂತ. ಉತ್ತರ ಕರ್ನಾಟಕದಲ್ಲಿ ಕುಬುಸ. ಕೆಲವೆಡೆ ಹೂ ಮುಡಿಸುವುದು, ಬಯಕೆ ಊಟ ಎಂಬ ಮಾತುಗಳೂ ಬಳಕೆಯಲ್ಲಿವೆ. ಹೆಸರು ಯಾವುದಿದ್ದರೂ ಹಸೆಯ ಮೇಲೆ ಕುಳಿತ ಬಸುರಿಯ ಸುತ್ತ ಹೆಂಗಸರು ಹಾಡುವುದು ಸಾಮಾನ್ಯವಾದ ಅಂಶ. ಈ ಹಾಡುಗಳ ವಸ್ತುವನ್ನು ಕುರಿತು ಜಾನಪದ ಅಧ್ಯಯನಗಳು ಸಾಕಷ್ಟು ಹೇಳಿವೆ. ಪ್ರಸ್ತುತ ಲೇಖನವು ಅವುಗಳ ರಚನೆಯಲ್ಲಿರುವ ಒಂದೇ ಅಂಶವನ್ನು, ಅಂದರೆ ಆ ದಿನ ಆ ಮನೆಯವರ ಹೆಸರನ್ನು ಸೇರಿಸಲೆಂದು ಹಾಡಿನೊಳಗೆ ಬಿಟ್ಟಿರುವ ತೆರಪನ್ನು ಪರಿಶೀಲಿಸುತ್ತದೆ.

ಪ್ರಾಚೀನ ಆಧಾರ

ಈ ತೆರಪು ಜನಪದರು ಮಾತ್ರ ಕಂಡುಕೊಂಡದ್ದಲ್ಲ. ಆಶ್ವಲಾಯನ ಗೃಹ್ಯಸೂತ್ರವು ಸೀಮಂತೋನ್ನಯನವನ್ನು ವಿಧಿಸುವಾಗ, ಪತಿಯು ಎಳೆಯ ಕಾಯಿಗಳ ಗೊಂಚಲು, ಮುಳ್ಳುಹಂದಿಯ ಮುಳ್ಳು ಮತ್ತು ದರ್ಭೆಯಿಂದ ಪತ್ನಿಯ ಬೈತಲೆಯನ್ನು ಮೇಲ್ಮುಖವಾಗಿ ತೆಗೆದ ಬಳಿಕ, ಇಬ್ಬರು ವೀಣಾವಾದಕರಿಗೆ ಸೋಮರಾಜನನ್ನು ಹಾಡುವಂತೆ ಹೇಳಬೇಕೆನ್ನುತ್ತದೆ. ಆ ಗಾಥೆಯಲ್ಲಿ ಒಂದು ಪದದ ಜಾಗವನ್ನು ಖಾಲಿ ಬಿಡಲಾಗಿದೆ. ಕುಟುಂಬವು ಯಾವ ನದಿಯ ಬಳಿ ವಾಸಿಸುತ್ತದೆಯೋ ಆ ನದಿಯ ಹೆಸರನ್ನು ಅಲ್ಲಿ ಹೇಳಬೇಕು. ಸಂಸ್ಕಾರದ ಉಳಿದ ಮಂತ್ರಗಳು ಎಲ್ಲ ಮನೆಗಳಿಗೂ ಒಂದೇ ಆಗಿರುವಾಗ, ಹಾಡು ಮಾತ್ರ ಮನೆಯಿಂದ ಮನೆಗೆ ಬದಲಾಗುತ್ತದೆ. ಹುಟ್ಟಲಿರುವ ಮಗುವಿಗೆ ಅದು ಬರಲಿರುವ ನೆಲವನ್ನು ಪರಿಚಯಿಸುವ ಕೆಲಸವನ್ನು ಹಾಡಿಗೆ ವಹಿಸಲಾಗಿದೆ ಎಂದು ಇದನ್ನು ಅರ್ಥೈಸಬಹುದು.

ಬಯಕೆಯ ಹಾಡಿನ ರಚನೆ

ಕನ್ನಡದ ಬಯಕೆಯ ಹಾಡುಗಳಲ್ಲಿ ಈ ತತ್ತ್ವವೇ ಹೆಚ್ಚು ವಿಸ್ತಾರವಾಗಿ ಕಾಣುತ್ತದೆ. ಇವು ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ಸಾಗುತ್ತವೆ. ಒಂದೊಂದು ತಿಂಗಳಿಗೆ ಒಂದೊಂದು ಬಯಕೆ. ಮೊದಲ ತಿಂಗಳುಗಳಲ್ಲಿ ಹುಳಿ, ಕಾಯಿ, ಹಣ್ಣುಗಳ ಆಸೆ. ತಿಂಗಳು ತುಂಬುತ್ತ ಬಂದಂತೆ ಆಸೆಯು ತಿನಿಸಿನಿಂದ ತವರಿನ ಕಡೆಗೆ ಹೊರಳುತ್ತದೆ. ಬಯಕೆಯನ್ನು ಹೇಳಿಕೊಳ್ಳುವವಳು ಒಬ್ಬಳೇ ಆದರೂ ಅದನ್ನು ಪೂರೈಸುವವರು ಬೇರೆ ಬೇರೆ. ಗಂಡ, ಅತ್ತೆ, ನಾದಿನಿ, ಅಣ್ಣ, ತಾಯಿ ಹೀಗೆ ಒಬ್ಬೊಬ್ಬರೂ ಹಾಡಿನೊಳಗೆ ಬಂದು ಹೋಗುತ್ತಾರೆ. ಹಾಡು ಬಸುರಿಯನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ಆಕೆಯ ಸುತ್ತಲಿನವರಿಗೆ ಅವರವರ ಪಾಲಿನ ಹೊಣೆಯನ್ನು ಎಲ್ಲರೆದುರು ನೆನಪಿಸುತ್ತದೆ.

ಈ ಬಗೆಯ ಸೇರ್ಪಡೆಗೆ ಛಂದಸ್ಸು ಅನುಕೂಲವಾಗಿದೆ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಿಂದ ವಿದ್ವತ್ ಲೋಕಕ್ಕೆ ಸುಪರಿಚಿತವಾದ ತ್ರಿಪದಿಯು ಪ್ರತಿ ಪದ್ಯದಲ್ಲಿಯೂ ಅರ್ಥವನ್ನು ಮುಗಿಸುವ ಬಂಧ. ಹಾಡುವಾಗ ಎರಡನೆಯ ಸಾಲಿನ ಭಾಗವೊಂದು ಮರಳಿ ಬರುತ್ತದೆ. ಆ ಮರುಕಳಿಕೆಯ ಅವಧಿಯಲ್ಲಿ ಮುಂದಿನ ಮಾತನ್ನು ಹೊಂದಿಸಿಕೊಳ್ಳಲು ಹಾಡುಗಾರ್ತಿಗೆ ಬಿಡುವು ದೊರೆಯುತ್ತದೆ. ಅಂಶಗಣದ ಸಡಿಲಿಕೆಯಿಂದಾಗಿ ಹೆಸರು ತುಸು ಉದ್ದವಾದರೂ ಗಿಡ್ಡವಾದರೂ ಸ್ವರವನ್ನು ಕುಗ್ಗಿಸಿ ಅಥವಾ ಎಳೆದು ಸರಿದೂಗಿಸಬಹುದು.

ಹಾಡಿನ ಮೃದುತ್ವಕ್ಕೂ ಇದೇ ಕಾರಣ. ಒಬ್ಬಳು ಹೇಳಿ ಉಳಿದವರು ಸೊಲ್ಲು ಹಿಡಿಯುವ ಈ ಕ್ರಮದಲ್ಲಿ ರಾಗದ ಏರಿಳಿತ ಕಿರಿದು. ಮುದುಕಿಯರೂ ಎಳೆಯರೂ ಒಂದೇ ಶ್ರುತಿಯಲ್ಲಿ ಸೇರಬಲ್ಲರು. ಹೆಸರು ಎಲ್ಲರಿಗೂ ಕೇಳಿಸಬೇಕಾದುದರಿಂದ ವಾದ್ಯ ಗಟ್ಟಿಯಾಗುವಂತಿಲ್ಲ.

ಯಶವಂತಪುರದ ಸಂದರ್ಭ

ಬೆಂಗಳೂರಿನ ಉತ್ತರ ಭಾಗದ ಯಶವಂತಪುರವು ಈ ಅಂಶವನ್ನು ಪರೀಕ್ಷಿಸಲು ತಕ್ಕ ಸ್ಥಳ. ತುಮಕೂರು, ಅರಸೀಕೆರೆ, ಹುಬ್ಬಳ್ಳಿಗಳ ಕಡೆಯಿಂದ ಬರುವ ರೈಲುಮಾರ್ಗ, ಕೃಷಿ ಮಾರುಕಟ್ಟೆಯ ಪ್ರಾಂಗಣ ಮತ್ತು ಸಮೀಪದ ಪೀಣ್ಯದ ಕಾರ್ಖಾನೆಗಳು ನಾಡಿನ ಹಲವು ಭಾಗಗಳ ಕುಟುಂಬಗಳನ್ನು ಇಲ್ಲಿಗೆ ತಂದಿವೆ. ಆದ್ದರಿಂದ ಒಂದೇ ಸೀಮಂತದಲ್ಲಿ ಎರಡು ಹಾಡಿನ ಪರಂಪರೆಗಳು ಎದುರಾಗುವುದು ಸಹಜ.

ನಿದರ್ಶನಕ್ಕಾಗಿ ಗಂಡನ ಮನೆ ತುಮಕೂರು ಸೀಮೆಯದು, ತವರು ವಿಜಯಪುರದ ಕಡೆಯದು ಎಂದು ಭಾವಿಸೋಣ. ಕಾರ್ಯವು ಯಶವಂತಪುರದ ಮನೆಯೊಂದರಲ್ಲಿ ನಡೆಯುತ್ತದೆ. ಹಸೆಗೆ ಕರೆಯುವಾಗ ಅತ್ತೆಯ ಕಡೆಯವರು ಸೋಬಾನೆ ಹೇಳುತ್ತಾರೆ. ಹಸಿರು ಬಳೆ ತೊಡಿಸುವ ಹೊತ್ತಿಗೆ ಹಾಡಿನ ನಿಜವಾದ ಅಗತ್ಯ ಗೋಚರವಾಗುತ್ತದೆ. ಬಂದ ಮುತ್ತೈದೆಯರು ಒಬ್ಬೊಬ್ಬರಾಗಿ ಬಳೆ ತೊಡಿಸಿ, ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ ಹೋಗಬೇಕು. ಇದು ಎಷ್ಟು ಹೊತ್ತು ಹಿಡಿಯುವುದೆಂದು ಮೊದಲೇ ಹೇಳಲಾಗದು. ಬಿಡಿ ಪದ್ಯಗಳ ಹಾಡಾದರೆ ಬಳೆ ತೊಡಿಸುವವಳ ಹೆಸರನ್ನೋ ಆಕೆಯ ಊರನ್ನೋ ಸೇರಿಸಿ ಒಬ್ಬೊಬ್ಬರಿಗೆ ಒಂದೊಂದು ಪದ್ಯ ಹೇಳಬಹುದು. ಕಡೆಯವಳು ಎದ್ದಾಗ ನಿಲ್ಲಿಸಬಹುದು. ಮಡಿಲು ತುಂಬುವಾಗ ಸರದಿ ತವರಿನದು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆಗಳು ಸೆರಗಿಗೆ ಬೀಳುತ್ತಿರುವಾಗ ವಿಜಯಪುರದ ಹೆಂಗಸರು ತಮ್ಮ ಮಾತಿನಲ್ಲಿಯೇ ಬಯಕೆಯ ಹಾಡನ್ನು ತೆಗೆದು, ಅದರಲ್ಲಿ ಈ ಮನೆಯ ಅತ್ತೆಯ ಹೆಸರನ್ನು ಸೇರಿಸಿದರೆ, ಸೊಲ್ಲು ಹಿಡಿಯುವವರು ತುಮಕೂರಿನವರಾಗುತ್ತಾರೆ. ಆಡುಮಾತು ಬೇರೆಯಾದರೂ ಸೊಲ್ಲು ಚಿಕ್ಕದಾದುದರಿಂದ ಎರಡನೆಯ ಪದ್ಯದ ಹೊತ್ತಿಗೆ ಅದು ಎಲ್ಲರ ಬಾಯಿಗೂ ಬರುತ್ತದೆ. ಆರತಿಯ ಹಾಡಿನಲ್ಲಿ ಎರಡೂ ಕಡೆಯವರು ಕೂಡುತ್ತಾರೆ.

ಇದೇ ಸಂದರ್ಭದಲ್ಲಿ ಧ್ವನಿಮುದ್ರಿತ ಚಿತ್ರಗೀತೆಯನ್ನು ಹಾಕಿದರೆ ಆಗುವ ವ್ಯತ್ಯಾಸ ಕೇವಲ ಅಭಿರುಚಿಯದಲ್ಲ. ಅದರ ಅವಧಿ ನಿಗದಿತ. ಬಳೆಯ ಶಾಸ್ತ್ರ ನಡುವಿನಲ್ಲಿರುವಾಗಲೇ ಅದು ಮುಗಿಯುತ್ತದೆ ಅಥವಾ ಶಾಸ್ತ್ರ ಮುಗಿದರೂ ಮುಂದುವರಿಯುತ್ತದೆ. ಅದರಲ್ಲಿ ಅಮ್ಮನಿದ್ದಾಳೆ, ಆದರೆ ಈ ಬಸುರಿಯ ಅಮ್ಮನಿಲ್ಲ. ಅಚ್ಚಾದ ಪುಸ್ತಕವನ್ನು ನೋಡಿ ಹಾಡುವಾಗಲೂ ಇಂಥದೇ ತೊಡಕು ಬರಬಹುದು. ಸಂಗ್ರಹಕಾರರು ಬರೆದುಕೊಂಡದ್ದು ಒಂದು ದಿನ ಒಂದು ಮನೆಯಲ್ಲಿ ಹೇಳಿದ ಪಾಠವನ್ನು. ಅಲ್ಲಿನ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡು ಹಾಡಿದರೆ ಬೇರೊಬ್ಬರ ಮನೆಯ ಸೀಮಂತವನ್ನು ಹಾಡಿದಂತಾಗುತ್ತದೆ.

ತೆರಪು ಯಾರಿಗೆ?

ಹೆಸರಿನ ಜಾಗವು ಇನ್ನೂ ಎರಡು ಗಂಭೀರ ಪ್ರಶ್ನೆಗಳನ್ನು ಎತ್ತುತ್ತದೆ. ಮೊದಲನೆಯದು ಮಗುವಿನದು. ಹರಕೆಯ ಪದ್ಯಗಳಲ್ಲಿ ಗಂಡುಮಗುವಿನ ಹಾರೈಕೆ ಹೆಚ್ಚು. ಭ್ರೂಣದ ಲಿಂಗಪತ್ತೆಯನ್ನು 1994ರ ಕಾಯಿದೆಯು ನಿಷೇಧಿಸಿರುವ ಕಾಲದಲ್ಲಿ ಅದೇ ಪದ್ಯವನ್ನು ಬಸುರಿಯ ಮುಖ ನೋಡಿ ಹಾಡುವುದು ಹಾರೈಕೆಯಾಗಿ ಉಳಿಯದೆ ಒತ್ತಾಯವಾಗಬಹುದು. ‘ಮಗ’ ಎಂಬಲ್ಲಿ ‘ಮಗು’ ಅಥವಾ ‘ಕಂದ’ ಎಂದರೆ ಛಂದಸ್ಸು ಕೆಡುವುದಿಲ್ಲ. ಮೂರೂ ಎರಡಕ್ಷರದ ಪದಗಳೇ. ಆದರೆ ಪದ್ಯದ ಮುಂದಿನ ಸಾಲು ಮಗನ ಪಟ್ಟವನ್ನೋ ವಂಶವನ್ನೋ ವರ್ಣಿಸುತ್ತಿದ್ದರೆ ಒಂದು ಪದದ ಬದಲಾವಣೆ ಸಾಲದು. ಅಂಥ ಪದ್ಯವನ್ನೇ ಬಿಡಬೇಕಾಗುತ್ತದೆ. ಪ್ರತಿ ಪದ್ಯವೂ ಸ್ವತಂತ್ರವಾದುದರಿಂದ ಬಿಟ್ಟರೆ ಹಾಡಿನ ಓಟಕ್ಕೆ ಭಂಗವಿಲ್ಲ.

ಎರಡನೆಯದು ವಿಧವೆಯಾದ ತಾಯಿಯದು. ರೂಢಿಯನ್ನು ಬಿಗಿಯಾಗಿ ಪಾಲಿಸುವ ಮನೆಗಳಲ್ಲಿ ಆಕೆ ಬಳೆ ತೊಡಿಸುವಂತಿಲ್ಲ, ಆರತಿ ಎತ್ತುವಂತಿಲ್ಲ. ಬಾಣಂತನದ ಹೊರೆಯನ್ನು ಹೊರಬೇಕಾದವಳು ಹಲವು ವೇಳೆ ಆಕೆಯೇ. ಶಾಸ್ತ್ರವು ಬಾಗಿಲಾಚೆ ನಿಲ್ಲಿಸಿದ ತಾಯಿಯನ್ನು ಬಯಕೆಯ ಹಾಡು ಒಳಗೆ ಕರೆಯುತ್ತದೆ, ಏಕೆಂದರೆ ತವರಿನ ಪದ್ಯದಲ್ಲಿ ತಾಯಿಯ ಹೆಸರು ಬಾರದೆ ಹಾಡು ಮುಗಿಯದು. ಹಾಡಿನ ಈ ಅವಕಾಶವು ಶಾಸ್ತ್ರದ ಅನ್ಯಾಯವನ್ನು ಸರಿಪಡಿಸುವುದಿಲ್ಲ; ಆದರೆ ಆ ಅನ್ಯಾಯವು ಸಭೆಯ ಕಿವಿಗೆ ಬೀಳುವಂತೆ ಮಾಡುತ್ತದೆ. ಆಕೆಯನ್ನೇ ಮೊದಲ ಬಳೆ ತೊಡಿಸಲು ಕರೆಯುವ ಮನೆಯಲ್ಲಿ ಹಾಡೂ ಶಾಸ್ತ್ರವೂ ಒಂದಾಗುತ್ತವೆ.

ಒಟ್ಟಾರೆ, ಸೀಮಂತದ ಹಾಡಿನ ಆಯ್ಕೆಯಲ್ಲಿ ರಾಗದ ಇಂಪಿಗಿಂತ ಮೊದಲು ನೋಡಬೇಕಾದುದು ಅದರಲ್ಲಿ ಹೆಸರಿಗೆ ಜಾಗವಿದೆಯೇ ಎಂಬುದನ್ನು. ಗೃಹ್ಯಸೂತ್ರದ ಗಾಥೆಯು ನದಿಯ ಹೆಸರನ್ನು ಕೇಳಿತ್ತು. ಯಶವಂತಪುರದ ಮಗ್ಗುಲಲ್ಲಿ ನದಿಯಿಲ್ಲ. ಮತ್ತಿಕೆರೆಯಿದೆ, 1882ರಲ್ಲಿ ನಿರ್ಮಿಸಿದ ಸ್ಯಾಂಕಿ ಕೆರೆಯಿದೆ. ಹಾಡುವವರು ಬಯಸಿದರೆ ಆ ಹೆಸರುಗಳೂ ಒಂದು ತ್ರಿಪದಿಯೊಳಗೆ ಸೇರಬಲ್ಲವು.