ಬಸ್ಸಲ್ಲಿ ಬಾಯಿ ಬಿಟ್ಟು ಕೇಳು

ಪುಟ್ಟಿ, ಪುಣೆಯಲ್ಲಿ ಬೆಳೆದವಳು ನೀನು, ಮನೆಯಲ್ಲಿ ಚೆನ್ನಾಗೇ ಕನ್ನಡ ಮಾತಾಡ್ತೀಯ. ಆದರೂ ಬೆಂಗಳೂರಿನ ಬಸ್ ಹತ್ತಿದ ಕೂಡಲೇ ಪುಸ್ತಕದ ಭಾಷೆ ಶುರು ಮಾಡ್ತೀಯ. ‘ದಯವಿಟ್ಟು ಹದಿನೆಂಟನೇ ಅಡ್ಡರಸ್ತೆಗೆ ಒಂದು ಚೀಟಿ’ ಅಂದರೆ ಕಂಡಕ್ಟರ್ ಒಂದು ಗಳಿಗೆ ನಿನ್ನ ಮುಖ ನೋಡ್ತಾನೆ, ಅಷ್ಟರಲ್ಲಿ ಹಿಂದಿನವರು ತಳ್ಳಿಕೊಂಡು ಬರ್ತಾರೆ.

ಮೆಜೆಸ್ಟಿಕ್‌ನಿಂದ ನಮ್ಮ ಮನೆಗೆ ಬರ್ತಿದ್ದೀಯ ಅಂದುಕೋ. ಬರೀ ‘ಮಲ್ಲೇಶ್ವರ’ ಅಂದರೆ ಸಾಲದು. ‘ಎಲ್ಲಿ ಮೇಡಂ, ಸರ್ಕಲ್ಲಾ, ಏಯ್ಟೀನ್ತ್ ಕ್ರಾಸಾ?’ ಅಂತ ತಿರುಗಿ ಕೇಳ್ತಾರೆ. ಅದಕ್ಕೇ ಮೊದಲು ಜಾಗ, ಆಮೇಲೆ ಲೆಕ್ಕ: ‘ಏಯ್ಟೀನ್ತ್ ಕ್ರಾಸ್ ಒಂದು ಕೊಡಿ ಸಾರ್.’ ಇಂಗ್ಲಿಷ್ ಬೆರೆಯಿತಲ್ಲ ಅಂತ ಸಂಕೋಚ ಬೇಡ, ಇಲ್ಲೇ ಹುಟ್ಟಿದವರೂ ಹಾಗೇ ಹೇಳೋದು. ಕಂಡಕ್ಟರ್ ಹೆಂಗಸಾದರೆ ‘ಮೇಡಂ’ ಅನ್ನು.

ನಾನೂ ಜೊತೆಗಿದ್ದರೆ ಲೆಕ್ಕ ಬೇರೆ. ಕರ್ನಾಟಕದ ಆಧಾರ್ ಇರೋ ಹೆಂಗಸು ಅಂತ ನನಗೆ 2023ರಿಂದ ಸಾಮಾನ್ಯ ಬಸ್ಸಲ್ಲಿ ಫ್ರೀ, ಪುಣೆ ವಿಳಾಸದ ನಿನಗಿಲ್ಲ. ‘ಒಂದು ಫ್ರೀ, ಇನ್ನೊಂದಕ್ಕೆ ದುಡ್ಡು ತಗೊಳ್ಳಿ’ ಅಂದರಾಯಿತು. ಫ್ರೀ ಅಂದರೂ ಸೊನ್ನೆ ರೂಪಾಯಿ ಟಿಕೆಟ್ ತಗೊಂಡು ಕೈಯಲ್ಲಿ ಇಟ್ಟುಕೊಂಡಿರಲೇಬೇಕು.

ಜಗಳ ಹತ್ತೋದು ಚಿಲ್ಲರೆಯಲ್ಲಿ. ಟಿಕೆಟ್ 12 ರೂಪಾಯಿ ಇಟ್ಟುಕೋ, ನೀನು 50ರ ನೋಟು ಕೊಟ್ಟೆ. ‘ಎರಡು ರೂಪಾಯಿ ಇದೆ ಸಾರ್, ಕೊಡ್ಲಾ?’ ಅಂತ ನೀನೇ ಮೊದಲು ಕೇಳು. ಅವರಿಗೆ 40 ವಾಪಸ್ ಕೊಡೋದು ಸಲೀಸು, 38 ಹುಡುಕೋದು ಕಷ್ಟ. ಅದೂ ಇಲ್ಲದಿದ್ದರೆ ಟಿಕೆಟ್ ಹಿಂದೆ 38 ಅಂತ ಗೀಚಿ ‘ಇಳಿಯೋವಾಗ ಇಸ್ಕೊಳ್ಳಿ’ ಅಂತಾರೆ. ಅವರ ಚೀಲಕ್ಕೆ ಚಿಲ್ಲರೆ ಬರೋದೇ ಮುಂದಿನ ಪ್ರಯಾಣಿಕರಿಂದ, ಆದ್ದರಿಂದ ಸಿಡುಕಬೇಡ. ಆದರೆ ಗೀಚಿದ ಅಂಕಿಯನ್ನು ಅಲ್ಲೇ ಓದಿ ನೋಡು. ಆ ಚೀಟಿ ಕಳೆದರೆ ನಿನ್ನ ಮಾತಿಗೆ ಸಾಕ್ಷಿ ಇಲ್ಲ. ಫೋನಲ್ಲಿ ಸ್ಕ್ಯಾನ್ ಮಾಡಿ ಕೊಡೋದಾದರೆ ಈ ತಾಪತ್ರಯವೇ ಇಲ್ಲ, ನೆಟ್‌ವರ್ಕ್ ಇದ್ದರೆ.

ಸ್ಟಾಪ್ ಗೊತ್ತಿಲ್ಲದಿದ್ದರೆ ಟಿಕೆಟ್ ತಗೊಳ್ಳೋವಾಗಲೇ ‘ಸ್ಟಾಪ್ ಬಂದಾಗ ಸ್ವಲ್ಪ ಹೇಳಿ ಸಾರ್, ನಂಗೆ ಹೊಸದು’ ಅಂದುಬಿಡು. ರಷ್ ಇದ್ದರೆ ಅವರು ಮರೀತಾರೆ, ಪಕ್ಕದ ಸೀಟಿನ ಅಜ್ಜಿಗೂ ಒಂದು ಮಾತು ಹಾಕಿರು. ಫಿಫ್ಟೀನ್ತ್ ಕ್ರಾಸ್ ದಾಟುತ್ತಿದ್ದ ಹಾಗೆ ಎದ್ದು, ಟಿಕೆಟ್ ಹಿಂಭಾಗ ತೋರಿಸಿ ‘ಸಾರ್, ಚೇಂಜ್’ ಅನ್ನು. ಬಸ್ ನಿಂತಮೇಲೆ ಕೇಳಿದರೆ ಆಗಲೇ ‘ರೈಟ್ ರೈಟ್’ ಕೂಗಿರ್ತಾರೆ. ನೀನಿನ್ನೂ ಇಳಿದಿಲ್ಲ, ಬಸ್ ಹೊರಟಿತು ಅಂದರೆ ‘ಹೋಲ್ಡಾನ್, ಇಳಿಯೋರಿದ್ದಾರೆ!’ ಅಂತ ಗಟ್ಟಿಯಾಗೇ ಕೂಗು.

ಒಮ್ಮೊಮ್ಮೆ ಇಬ್ಬರ ಬಾಕಿ ಸೇರಿಸಿ ಒಂದೇ ನೋಟು ಕೊಟ್ಟು ‘ಇಬ್ರೂ ಹಂಚ್ಕೊಳ್ಳಿ’ ಅಂದುಬಿಡ್ತಾರೆ. ಆಗ ಮಾತ್ರ ಆ ಇನ್ನೊಬ್ಬರು ಎಲ್ಲಿ ಇಳೀತಾರೆ ಅಂತ ಕೇಳಿಕೊಂಡೇ ನೋಟು ಮುಟ್ಟು.