ಛಾಯಾಚಿತ್ರದಿಂದ ಎಕರೆಯ ಗಿಡಗಳ ಲೆಕ್ಕ: ಮುಸುಕಿನ ಜೋಳದ ಒಂದು ನಿದರ್ಶನ

ರಾಗಿಯ ಪೈರು ತೆಳ್ಳಗೆ ಹುಟ್ಟಿದರೆ ಉಳಿದ ಗಿಡಗಳು ತೆಂಡೆಯೊಡೆದು ಬರಿದಾದ ಸ್ಥಳವನ್ನು ಬಹುಮಟ್ಟಿಗೆ ತುಂಬಿಕೊಳ್ಳುವುವು. ಮುಸುಕಿನ ಜೋಳಕ್ಕೆ ಈ ಗುಣವಿಲ್ಲ. ಅಲ್ಲಿ ಒಂದು ಗಿಡ ಕಡಮೆಯಾದರೆ ಸಾಧಾರಣವಾಗಿ ಒಂದು ತೆನೆಯೇ ಕಡಮೆಯಾದಂತೆ. ನೆರೆಯ ಗಿಡದ ತೆನೆಯು ಕೊಂಚ ದಪ್ಪನಾಗಿ ನಷ್ಟದ ಒಂದು ಅಂಶವನ್ನು ಮಾತ್ರ ತೀರಿಸೀತು. ಬಿತ್ತಿದ ಹದಿನೈದು ದಿನಗಳೊಳಗೆ ಎಕರೆಗೆ ಎಷ್ಟು ಗಿಡಗಳು ನಿಂತಿವೆಯೆಂಬುದು ಗೊತ್ತಾದರೆ, ಬೀಜವೂರುವುದೋ, ಮತ್ತೆ ಬಿತ್ತುವುದೋ, ಹಾಗೆಯೇ ಬಿಡುವುದೋ ಎಂಬುದನ್ನು ನಿಶ್ಚಯಿಸಬಹುದು. ಆಮೇಲೆ ಗೊತ್ತಾದರೆ ಲೆಕ್ಕ ಮಾತ್ರ ಉಳಿಯುವುದು, ಉಪಾಯವು ಉಳಿಯುವುದಿಲ್ಲ.

ದಾವಣಗೆರೆಯ ಕಡೆ ಮೂರೆಕರೆ ಮುಸುಕಿನ ಜೋಳವನ್ನಿಟ್ಟ ಭೂಮಾಲೀಕರೊಬ್ಬರು ಪಟ್ಟಣದಲ್ಲಿ ವಾಸಮಾಡುವರೆಂದು ಭಾವಿಸೋಣ. ಜಮೀನು ನೋಡಿಕೊಳ್ಳುವವನು ಬದುವಿನ ಮೇಲೆ ನಿಂತು ಫೋನಿನಲ್ಲಿ ಹೊಲದ ಛಾಯಾಚಿತ್ರವೊಂದನ್ನು ತೆಗೆದು, “ಪೈರು ಚೆನ್ನಾಗಿ ಎದ್ದಿದೆ, ಯಜಮಾನರು ಚಿಂತಿಸಬೇಕಾದ್ದಿಲ್ಲ” ಎಂಬ ಒಕ್ಕಣೆಯೊಡನೆ ಕಳುಹಿಸುತ್ತಾನೆ. ಪಟದಲ್ಲಿ ಎಲ್ಲಿ ನೋಡಿದರೂ ಹಸುರೇ ಕಾಣುತ್ತದೆ. ಅವನು ಸುಳ್ಳು ಹೇಳಿದವನಲ್ಲ, ಮೋಸ ಮಾಡಿದ್ದು ಪಟ. ಓರೆಯಾಗಿ ತೆಗೆದ ಪಟದಲ್ಲಿ ದೂರದ ಸಾಲುಗಳು ಒಂದಕ್ಕೊಂದು ಒತ್ತಿದಂತೆ ಕಾಣುವುವು. ಒಂದು ಗಿಡದ ಗರಿಯು ಹಿಂದಿನ ಬರಿಯ ನೆಲವನ್ನು ಮರೆಮಾಡುವುದು. ಇಂತಹ ಪಟದ ಬುಡದಲ್ಲಿಯೂ ತಲೆಯಲ್ಲಿಯೂ ಒಂದೇ ಉದ್ದದ ಎರಡು ಕೋಲುಗಳನ್ನಿಟ್ಟು ನೋಡಿದರೆ, ಹತ್ತಿರದ್ದು ನಾಲ್ಕಂಗುಲವಾಗಿ ಕಂಡಾಗ ದೂರದ್ದು ಎರಡಂಗುಲವೂ ಇಲ್ಲದಿರಬಹುದು. ಒಂದೇ ಅಳತೆಯಿಂದ ಇಡೀ ಪಟವನ್ನು ಅಳೆಯಲಾಗುವುದಿಲ್ಲವೆಂದು ಇದರಿಂದಲೇ ತಿಳಿಯುವುದು.

ಅಳೆಯತಕ್ಕ ಪಟವನ್ನು ನೇರವಾಗಿ ಮೇಲಿನಿಂದ ತೆಗೆಯಬೇಕು. ಆರಡಿಯ ಬಿದಿರುಕೋಲೊಂದನ್ನು ಸಾಲಿನ ಪಕ್ಕದಲ್ಲಿ ನೆಲಕ್ಕೆ ತಾಗುವಂತೆ ಮಲಗಿಸಿ, ಫೋನನ್ನು ತಲೆಯ ಮೇಲೆ ಏಳಡಿ ಎತ್ತರಕ್ಕೆ ಎತ್ತಿ ಹಿಡಿದು, ಅದರ ಮುಖವು ನೆಲಕ್ಕೆ ಸಮನಾಗಿರುವಂತೆ ನೋಡಿಕೊಂಡರೆ, ಪಟದ ಉದ್ದದ ದಿಕ್ಕಿನಲ್ಲಿ ಹೆಚ್ಚುಕಡಮೆ ಒಂಬತ್ತಡಿ ನೆಲವು ಸಿಕ್ಕುವುದು. ಕೋಲು ನೆಲದ ಮೇಲೆಯೇ ಇರಬೇಕೆಂಬುದನ್ನು ಅನೇಕರು ಅಲಕ್ಷ್ಯ ಮಾಡುವರು. ಗರಿಗಳ ಮೇಲೆ ಒಂದಡಿ ಎತ್ತರದಲ್ಲಿ ಕೋಲನ್ನು ಇಟ್ಟರೆ ಅದು ಫೋನಿಗೆ ಹತ್ತಿರವಾಗಿ ದೊಡ್ಡದಾಗಿ ಕಾಣುವುದು. ಅದನ್ನೇ ಮಾಪವಾಗಿ ಹಿಡಿದಾಗ ಸಾಲಿನ ಅಂತರವೂ ಗಿಡದ ಅಂತರವೂ ಎರಡೂ ಕುಗ್ಗಿ, ಎಕರೆಯ ಲೆಕ್ಕವು ನಿಜಕ್ಕಿಂತ ಮೂರನೆಯ ಒಂದು ಪಾಲಿಗೂ ಮಿಗಿಲಾಗಿ ಏರುವುದು. ಹಾಗೆಯೇ ಅಳೆಯುವಾಗ ಗಿಡದ ತಲೆಯನ್ನು ಹಿಡಿಯದೆ, ಕಾಂಡವು ನೆಲದಿಂದ ಏಳುವ ಬುಡವನ್ನು ಹಿಡಿಯತಕ್ಕದ್ದು. ಪಟದ ಅಂಚಿನ ಗಿಡಗಳ ತಲೆಗಳು ಹೊರಕ್ಕೆ ಬಾಗಿದಂತೆ ಕಾಣುವುದು ಸಹಜ.

ಈಗ ಅಳತೆಯನ್ನು ನೋಡೋಣ. ಮೇಲಿನ ಯಜಮಾನರು ಹೀಗೆ ಮತ್ತೊಮ್ಮೆ ತೆಗೆಯಿಸಿದ ಪಟವನ್ನು ಆರಂಗುಲ ಉದ್ದದ ಕಾಗದದ ಮೇಲೆ ಅಚ್ಚು ಹಾಕಿಸಿದರು. ಅದರಲ್ಲಿ ಕೋಲು ಸರಿಯಾಗಿ ನಾಲ್ಕಂಗುಲವಿತ್ತು. ಕೋಲಿನ ನಿಜವಾದ ಉದ್ದವು ೭೨ ಅಂಗುಲ. ಆದಕಾರಣ ಪಟದ ಒಂದಂಗುಲಕ್ಕೆ ನೆಲದ ೧೮ ಅಂಗುಲವಾಯಿತು. ಮುಂದಿನ ಲೆಕ್ಕವೆಲ್ಲವೂ ಈ ಹದಿನೆಂಟನ್ನು ಅವಲಂಬಿಸಿರುವುದರಿಂದ ಪ್ರತಿ ಪಟದಲ್ಲಿಯೂ ಕೋಲು ಇರಲೇಬೇಕು. ಕೈಯು ಅರ್ಧ ಅಡಿ ಕೆಳಗಿಳಿದರೂ ಮಾಪವು ಬದಲಾಗುವುದು.

ಮೊದಲು ಸಾಲಿನ ಅಂತರ. ಈ ಹೊಲವನ್ನು ಒಮ್ಮೆಗೆ ಮೂರು ಸಾಲು ಬೀಳುವ ಕೂರಿಗೆಯಿಂದ ಬಿತ್ತಿದ್ದರು. ಕೂರಿಗೆಯ ಸಾಲುಗಳ ನಡುವೆ ಎರಡಡಿ. ಇಷ್ಟು ತಿಳಿದ ಮೇಲೆ ಅಳೆಯುವುದೇತಕ್ಕೆ, ಎರಡಡಿಯೆಂದೇ ಇಟ್ಟುಕೊಳ್ಳಬಾರದೆ ಎಂದು ಕೇಳುವವರುಂಟು. ಕೂರಿಗೆಯು ಒಂದು ಸುತ್ತು ಹೋಗಿ ತಿರುಗಿ ಬರುವಾಗ, ಹಿಂದಿನ ಸುತ್ತಿನ ಕೊನೆಯ ಸಾಲಿಗೂ ಹೊಸ ಸುತ್ತಿನ ಮೊದಲನೆಯ ಸಾಲಿಗೂ ನಡುವೆ ಬೀಳುವ ಅಂತರವು ಕೂರಿಗೆಯ ಅಳತೆಯಲ್ಲ, ಹೊಡೆಯುವವನ ಕಣ್ಣಳತೆ. ಅದು ಹೆಚ್ಚಾಗಿ ಅಗಲವಾಗಿಯೇ ಬೀಳುವುದು. ಆದಕಾರಣ ಪಟದ ಉದ್ದವು ಸಾಲುಗಳಿಗೆ ಅಡ್ಡವಾಗುವಂತೆ ಕೋಲನ್ನೂ ಫೋನನ್ನೂ ತಿರುಗಿಸಿ, ಅದೇ ಎತ್ತರದಿಂದ ಒಂದು ಪಟವನ್ನು ತೆಗೆದು, ಮೊದಲನೆಯ ಸಾಲಿನಿಂದ ನಾಲ್ಕನೆಯ ಸಾಲಿನವರೆಗೆ ಒಟ್ಟಾಗಿ ಅಳೆಯಬೇಕು. ಎಲ್ಲಿಂದ ಪ್ರಾರಂಭಿಸಿದರೂ ಈ ಮೂರು ಅಂತರಗಳಲ್ಲಿ ಸುತ್ತಿನ ಸಂದು ಒಂದು ಬಂದೇ ಬರುವುದು. ಪ್ರಕೃತ ಪಟದಲ್ಲಿ ಈ ಅಳತೆಯು ೪⅓ ಅಂಗುಲ, ಅಂದರೆ ನೆಲದ ಮೇಲೆ ೭೮ ಅಂಗುಲ. ಸಾಲುಗಳು ನಾಲ್ಕಾದರೂ ಅಂತರಗಳು ಮೂರೇ ಆದ್ದರಿಂದ ಮೂರರಿಂದ ಭಾಗಿಸಲು ೨೬ ಅಂಗುಲ ಬಂದಿತು. ಎರಡು ಅಂತರಗಳು ೨೪ ಅಂಗುಲದವು, ಸಂದಿನದು ೩೦ ಅಂಗುಲದ್ದು.

ಅನಂತರ ಗಿಡದ ಅಂತರ. ಸಾಲಿನ ಉದ್ದಕ್ಕೆ ತೆಗೆದ ಮೊದಲನೆಯ ಪಟದ ನಡುವಿನ ಸಾಲಿನಲ್ಲಿ ಹತ್ತು ಗಿಡಗಳಿದ್ದುವು. ಮೊದಲನೆಯದರ ಬುಡದಿಂದ ಹತ್ತನೆಯದರ ಬುಡಕ್ಕೆ ೫½ ಅಂಗುಲ, ಅಂದರೆ ೯೯ ಅಂಗುಲ ನೆಲ. ಒಂಬತ್ತು ಅಂತರಗಳಿಂದ ಭಾಗಿಸಿದರೆ ಗಿಡಕ್ಕೆ ಗಿಡಕ್ಕೆ ೧೧ ಅಂಗುಲ. ಎಕರೆಯಲ್ಲಿ ೪೩,೫೬೦ ಚದರಡಿ, ಅಂದರೆ ೬೨,೭೨,೬೪೦ ಚದರಂಗುಲ. ಒಂದು ಗಿಡದ ಪಾಲಿಗೆ ಬಂದ ನೆಲವು ೨೬ನ್ನು ೧೧ರಿಂದ ಗುಣಿಸಿದರೆ ೨೮೬ ಚದರಂಗುಲ. ಅದರಿಂದ ಎಕರೆಯನ್ನು ಭಾಗಿಸಲು ೨೧,೯೩೨ ಗಿಡಗಳಾದುವು. ಸಾಲಿಗೆ ಎರಡಡಿ, ಗಿಡಕ್ಕೆ ಒಂದಡಿ ಬಿಟ್ಟು ಬೆಳೆಸಿದರೆ ಇರಬೇಕಾದ್ದು ೨೧,೭೮೦. ಹೀಗಿರಲಾಗಿ ಪೈರು ಭರ್ತಿಯಾಗಿದೆಯೆಂದೇ ತೋರುವುದು. ಸಂದನ್ನು ಅಳೆಯದೆ ೨೪ ಅಂಗುಲವೆಂದೇ ಹಿಡಿದಿದ್ದರೆ ೨೩,೭೬೦ ಬಂದು ಇನ್ನೂ ಸಂತೋಷವಾಗುತ್ತಿತ್ತು.

ಆದರೆ ಇದು ಒಂಬತ್ತಡಿ ನೆಲದ ಸಂಗತಿಯೇ ಹೊರತು ಮೂರೆಕರೆಯದಲ್ಲ. ಪಟ ತೆಗೆಯುವವನ ಕಾಲು ತಾನಾಗಿ ಒಳ್ಳೆಯ ಪೈರಿದ್ದಲ್ಲಿಗೇ ಹೋಗುವುದು. ಇದನ್ನು ತಪ್ಪಿಸಲು ಹೊಲದ ಮೂಲೆಯಿಂದ ಎದುರು ಮೂಲೆಗೆ ನಡೆಯುತ್ತ, ಮೊದಲೇ ಗೊತ್ತುಮಾಡಿದಷ್ಟು ಹೆಜ್ಜೆಗೊಮ್ಮೆ ನಿಂತು, ಅಲ್ಲಿ ಪೈರು ಹೇಗೆಯೇ ಇರಲಿ, ಪಟ ತೆಗೆಯಬೇಕು. ಯಜಮಾನರು ಹೀಗೆ ಇನ್ನೂ ನಾಲ್ಕು ಪಟಗಳನ್ನು ಅದೇ ಎತ್ತರದಿಂದ ತರಿಸಿದರು. ಅವುಗಳಲ್ಲಿ ನಡುವಿನ ಸಾಲಿನ ಗಿಡಗಳು ಕ್ರಮವಾಗಿ ಎಂಟು, ಒಂಬತ್ತು, ಐದು, ಎಂಟು.

ಐದು ಗಿಡಗಳ ಪಟದಲ್ಲಿ ಒಂದು ತೊಡಕು ಬಂದಿತು. ಮೊದಲನೆಯ ಗಿಡದಿಂದ ಐದನೆಯದಕ್ಕೆ ೬೮ ಅಂಗುಲ. ನಾಲ್ಕರಿಂದ ಭಾಗಿಸಿದರೆ ಅಂತರ ೧೭. ಆದರೆ ಐದನೆಯ ಗಿಡದಾಚೆ ಪಟದ ಅಂಚಿನವರೆಗೂ ಬರಿಯ ನೆಲವೇ ಇದ್ದಿತು. ಗಿಡದಿಂದ ಗಿಡಕ್ಕೆ ಅಳೆದಾಗ ಆ ಬಯಲು ಲೆಕ್ಕಕ್ಕೇ ಬರುವುದಿಲ್ಲ. ಪೈರು ಒಂದೇ ಸಮನಾಗಿದ್ದಾಗ ಬುಡದಿಂದ ಬುಡಕ್ಕೆ ಅಳೆಯುವುದೇ ಸರಿ. ಪೈರು ಹರಿದುಹೋಗಿದ್ದಾಗ ಪಟದಲ್ಲಿ ಕಂಡ ಸಾಲಿನ ಪೂರ್ತಿ ಉದ್ದವನ್ನು ಗಿಡಗಳ ಸಂಖ್ಯೆಯಿಂದ ಭಾಗಿಸತಕ್ಕದ್ದು. ಐದು ಪಟಗಳಿಂದ ಒಟ್ಟು ೪೫ ಅಡಿ ಸಾಲು, ಅಂದರೆ ೫೪೦ ಅಂಗುಲ, ಗಿಡಗಳು ನಲವತ್ತು. ಗಿಡವೊಂದಕ್ಕೆ ೧೩½ ಅಂಗುಲ. ಇದನ್ನು ೨೬ರಿಂದ ಗುಣಿಸಿ ಎಕರೆಯನ್ನು ಭಾಗಿಸಲು ಸುಮಾರು ೧೭,೮೭೦. ಮೊದಲನೆಯ ಪಟವು ಹೇಳಿದ್ದಕ್ಕಿಂತ ನಾಲ್ಕು ಸಾವಿರ ಕಡಮೆ. ಐದು ಗಿಡಗಳ ಆ ಸ್ಥಳವನ್ನು ಮಾತ್ರ ಬೇರೆಯಾಗಿ ಲೆಕ್ಕ ಹಾಕಿದರೆ ಎಕರೆಗೆ ಹನ್ನೊಂದು ಸಾವಿರ ಚಿಲ್ಲರೆ.

ಎರಡು ಬೀಜಗಳು ಒಂದೇ ಕಡೆ ಬಿದ್ದು ಹುಟ್ಟಿದ ಜೋಡಿ ಗಿಡವು ಮೇಲಿನಿಂದ ಒಂದಾಗಿ ಕಾಣುವುದೂ ಉಂಟು. ಸುಳಿ ಎರಡಿದ್ದರೆ ಗಿಡ ಎರಡು. ಗರಿಗಳು ಪಕ್ಕದ ಸಾಲನ್ನು ಮುಟ್ಟಿದ ಮೇಲೆ ಬುಡವೇ ಕಾಣದಿರುವುದರಿಂದ ಈ ಕೆಲಸವನ್ನು ನಾಲ್ಕೈದು ಗರಿಗಳಾಗುವುದರೊಳಗೆ ಮುಗಿಸಬೇಕು.

ಇಷ್ಟಾದ ಮೇಲೆ, ಬದುವಿನಿಂದ ತೆಗೆದ ಆ ಮೊದಲಿನ ಓರೆ ಪಟವನ್ನು ಬಿಸಾಡತಕ್ಕದ್ದಿಲ್ಲ. ಅಳತೆಗೆ ಒದಗದಿದ್ದರೂ, ಗಿಡಗಳು ತಪ್ಪಿದ ಕಾರಣವನ್ನು ಹುಡುಕಲು ಅದು ಸಹಾಯವಾಗುವುದು. ಬರಿದಾದ ಸ್ಥಳವು ಹಲವು ಸಾಲುಗಳನ್ನು ಅಡ್ಡಹಾಯ್ದು ಮಡುವಿನಂತೆ ಹರಡಿದ್ದರೆ ದೋಷವು ನೆಲದ್ದು. ತಗ್ಗಿನಲ್ಲಿ ನೀರು ನಿಂತಿದ್ದೀತು, ಎಳೆಯ ಮುಸುಕಿನ ಜೋಳವು ನಿಂತ ನೀರನ್ನು ಸಹಿಸಲಾರದು. ಪ್ರತಿ ಮೂರನೆಯ ಸಾಲು ಉದ್ದಕ್ಕೂ ಬರಿದಾಗಿದ್ದರೆ ಕೂರಿಗೆಯ ನಡುವಿನ ಕೊಳವೆಯು ಕಟ್ಟಿತ್ತೆಂದು ತಿಳಿಯಬೇಕು. ಅಂಚಿನ ಕೊಳವೆಯು ಕಟ್ಟಿದ್ದರೆ, ಕೂರಿಗೆಯು ಹೋಗುತ್ತ ಬರುತ್ತ ದಿಕ್ಕು ತಿರುಗುವುದರಿಂದ, ಬರಿಯ ಸಾಲುಗಳು ಎರಡೆರಡಾಗಿ ಒತ್ತಿನಲ್ಲಿ ಬೀಳುವುವು. ಎಲ್ಲೆಲ್ಲಿಯೂ ಚದರಿದಂತೆ ಒಂದೊಂದು ಗಿಡ ತಪ್ಪಿದ್ದರೆ ಮಾತ್ರ ಬೀಜದ ಮೇಲೆ ಸಂಶಯಪಡಲು ಅವಕಾಶವುಂಟು. ಆಗಲೂ ದೂರು ಕೊಡುವ ಮೊದಲು ತಪ್ಪಿದ ಸ್ಥಳದಲ್ಲಿ ಮಣ್ಣನ್ನು ಬಿಡಿಸಿ ನೋಡಬೇಕು. ಬೀಜವು ಬೀಳಲೇ ಇಲ್ಲವೋ, ಬಿದ್ದು ಕೊಳೆಯಿತೋ, ಮೊಳೆತು ಹೆಪ್ಪುಗಟ್ಟಿದ ಮಣ್ಣನ್ನು ಒಡೆಯಲಾರದೆ ಹೋಯಿತೋ, ಹುಳು ಕಡಿಯಿತೋ ಎಂಬುದನ್ನು ಯಾವ ಪಟವೂ ಹೇಳದು. ಯಜಮಾನರ ಪಟದಲ್ಲಿ ಕಂಡದ್ದು ತಗ್ಗಿನ ಮಡು. ಸುಮಾರು ಹತ್ತು ಗುಂಟೆ.

ಹಣ ಕೊಡುವ ಮೊದಲು ಅವರು ಹೊಲಕ್ಕೆ ಬಂದು ಲೆಕ್ಕವನ್ನು ಪರೀಕ್ಷಿಸಿದರು. ಸಾಲಿನ ಅಂತರವು ೨೬ ಅಂಗುಲವಿದ್ದಾಗ ೨೦ ಅಡಿ ೧ ಅಂಗುಲ ಉದ್ದದ ಸಾಲೊಂದು ಎಕರೆಯ ಸಾವಿರದಲ್ಲೊಂದು ಪಾಲು. ಅಲ್ಲಿರುವ ಗಿಡಗಳನ್ನು ಎಣಿಸಿ ಸಾವಿರದಿಂದ ಗುಣಿಸಿದರಾಯಿತು. ಮಡುವನ್ನು ಬಿಟ್ಟು ನಾಲ್ಕು ಕಡೆ ಹಗ್ಗ ಹಿಡಿದು ಎಣಿಸಲು ೧೯, ೨೧, ೧೮, ೨೦ ಬಂದುವು. ಐದು ಪಟಗಳಲ್ಲಿ ಒಂದು ಮಡುವಿನದಾಗಿದ್ದು, ಮಡುವೋ ಹನ್ನೆರಡನೆಯ ಒಂದು ಪಾಲು ನೆಲವೇ ಆಗಿದ್ದುದರಿಂದ, ಪಟಗಳ ಸರಾಸರಿಯು ಇಡೀ ಹೊಲಕ್ಕೆ ಕೊಂಚ ಕಡಮೆಯಾಗಿಯೇ ಬಂದಿತ್ತು. ಹೆಚ್ಚು ಪಟಗಳನ್ನು ತೆಗೆದಷ್ಟೂ ಈ ದೋಷವು ಕುಗ್ಗುವುದು. ಮೂರೆಕರೆಗೆ ಹತ್ತಾದರೂ ಇರಬೇಕು.

ಆ ಹೊಲವನ್ನು ಅಳಿಸಿ ಮತ್ತೆ ಬಿತ್ತಲು ಕಾರಣವಿರಲಿಲ್ಲ. ಗಿಡಗಳ ನಡುವೆ ಚದರಿದ ತೆರವುಗಳಲ್ಲಿ ಬೀಜವೂರುವುದೂ ಆಗ ವ್ಯರ್ಥವೇ. ನಾಲ್ಕು ಗರಿ ಬಂದ ಗಿಡದ ನೆರಳಿನಲ್ಲಿ ಹದಿನೈದು ದಿನ ಹಿಂದುಳಿದು ಹುಟ್ಟಿದ್ದು ಗೊಬ್ಬರವನ್ನು ತಿಂದು ಒಳ್ಳೆಯ ತೆನೆಯನ್ನು ಕೊಡದು. ಹತ್ತು ಗುಂಟೆಯ ಮಡುವಿನಲ್ಲಿ ಮಾತ್ರ ಮೊದಲು ನೀರು ಹೋಗಲು ಕಾಲುವೆ ಕಡಿದು, ನೆಲವು ಹದಕ್ಕೆ ಬಂದ ಕೂಡಲೆ ಆ ತುಂಡನ್ನು ಬೇರೆಯಾಗಿ ಬಿತ್ತಿಸಿದರು.